24 ಶಾಲೆ, ಎರಡು ವರ್ಷ, ಒಂದೇ ಹಾಳೆ: ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಸ್ಲೋಪ್ ಚಾರ್ಟ್ ಮಾಡುವ ಸಮಗ್ರ ಮಾರ್ಗದರ್ಶಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಶಿಕ್ಷಕರಿಂದ, ಸಿಆರ್‌ಪಿಗಳಿಂದ ನನಗೆ ಎಕ್ಸೆಲ್ ಫೈಲ್‌ಗಳು ಬರುತ್ತವೆ. ಎಲ್ಲರ ತೊಂದರೆಯೂ ಹೆಚ್ಚು ಕಡಿಮೆ ಒಂದೇ. ತಾಲೂಕಿನ ಇಪ್ಪತ್ತು ಇಪ್ಪತ್ತೈದು ಹೈಸ್ಕೂಲುಗಳ ಎರಡು ವರ್ಷದ ಫಲಿತಾಂಶವನ್ನು ಸಭೆಗೆ ಒಂದೇ ಹಾಳೆಯಲ್ಲಿ ತೋರಿಸಬೇಕು. ಜೋಡಿ ಬಾರ್ ಚಾರ್ಟ್ ಹಾಕಿದರೆ ಯಾರಿಗೂ ಏನೂ ಕಾಣುವುದಿಲ್ಲ. ಸ್ಲೋಪ್ ಚಾರ್ಟ್ ಮಾಡಲು ಹೋದರೆ ಚಿತ್ರವೇ ಬರುವುದಿಲ್ಲ. "ಸರ್, ಎಡಕ್ಕ ಬಲಕ್ಕ ಎರಡು ಗೆರೆ ಅಷ್ಟ ಬಂದಾವ್ರೀ, ಶಾಲೆ ಎಲ್ಲಾ ಕೆಳಗ ಕುಂತಾವ್ರೀ" ಎಂದು ಹೋದ ಸಲ ಒಬ್ಬರು ಫೋನ್ ಮಾಡಿದ್ದರು. ಈ ಬರಹದಲ್ಲಿ ಆ ಎರಡು ಗೆರೆಯನ್ನು ಇಪ್ಪತ್ತನಾಲ್ಕು ಮಾಡುವುದು ಹೇಗೆ, ಆಮೇಲೆ ಆ ಇಪ್ಪತ್ತನಾಲ್ಕರಲ್ಲಿ ಬೇಕಾದದ್ದು ಎದ್ದು ಕಾಣುವಂತೆ ಮಾಡುವುದು ಹೇಗೆ ಎಂದು ಹಂತ ಹಂತವಾಗಿ ಹೇಳುತ್ತೇನೆ.

ಸ್ಲೋಪ್ ಚಾರ್ಟ್ ಅಂದರೆ ಇಷ್ಟೇ. ಎಡಗಡೆ ಮೊದಲ ವರ್ಷ, ಬಲಗಡೆ ಎರಡನೇ ವರ್ಷ. ಒಂದೊಂದು ಶಾಲೆಗೂ ಎಡದಲ್ಲಿ ಒಂದು ಚುಕ್ಕೆ, ಬಲದಲ್ಲಿ ಒಂದು ಚುಕ್ಕೆ, ನಡುವೆ ಒಂದು ಗೆರೆ. ಗೆರೆ ಮೇಲೇರಿದರೆ ಫಲಿತಾಂಶ ಹೆಚ್ಚಾಗಿದೆ, ಇಳಿದರೆ ಕಡಿಮೆಯಾಗಿದೆ.

## ಬೇಕಾಗುವ ಸಾಮಾನು

ಕಂಪ್ಯೂಟರಿನಲ್ಲಿ ಎಕ್ಸೆಲ್ ಬೇಕು. ಲಿಬ್ರೆಆಫೀಸ್ ಕ್ಯಾಲ್ಕ್ ಇದ್ದರೂ ನಡೆಯುತ್ತದೆ, ಮೆನು ಹೆಸರು ಬೇರೆ, ಹಂತ 6ರ ಮ್ಯಾಕ್ರೋ ಮಾತ್ರ ಎಕ್ಸೆಲ್‌ಗೇ. ಮೊಬೈಲಿನಲ್ಲಿ ಮಾಡಲು ಹೋಗಬೇಡಿ. ಒಂದೊಂದು ಚುಕ್ಕೆಯನ್ನೂ ಬೇರೆಯಾಗಿ ಹಿಡಿಯುವ ಕೆಲಸ ಬೆರಳಿನಿಂದ ಆಗುವುದಿಲ್ಲ.

ಎರಡೂ ವರ್ಷಕ್ಕೆ ಪ್ರತಿ ಶಾಲೆಯಿಂದ ಪರೀಕ್ಷೆಗೆ ಹಾಜರಾದವರ ಸಂಖ್ಯೆ ಮತ್ತು ಪಾಸಾದವರ ಸಂಖ್ಯೆ ಬೇಕು. ಬರೀ ಶೇಕಡಾವಾರು ಇದ್ದರೆ ಸಾಲದು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಜೊತೆಗೆ ಪ್ರತಿ ಶಾಲೆಯ 11 ಅಂಕಿಯ ಯು-ಡೈಸ್ ಕೋಡ್ ಇಟ್ಟುಕೊಳ್ಳಿ.

## ಹಂತ 1: ಇದಕ್ಕೆ ಸ್ಲೋಪ್ ಚಾರ್ಟೇ ಬೇಕಾ ಎಂದು ಮೊದಲು ನೋಡಿ

ಎಕ್ಸೆಲ್ ತೆರೆಯುವ ಮೊದಲೇ ಇದನ್ನು ತೀರ್ಮಾನಿಸಿ. ಸಭೆಯಲ್ಲಿ ಕೇಳುವ ಪ್ರಶ್ನೆ ಯಾವುದು? "ಯಾವ ಶಾಲೆ ಏರಿತು, ಯಾವುದು ಇಳಿತು, ಯಾರು ಯಾರನ್ನು ದಾಟಿದರು" ಎಂಬುದಾದರೆ ಸ್ಲೋಪ್ ಚಾರ್ಟ್ ಸರಿ.

ಜೋಡಿ ಬಾರ್ ಎಲ್ಲಿ ಸೋಲುತ್ತದೆ ಎಂದು ನೋಡೋಣ. 24 ಶಾಲೆಗೆ 48 ಬಾರ್ ಬರುತ್ತವೆ. ಪ್ರತಿ ಜೋಡಿಯಲ್ಲೂ ಎರಡು ತುದಿ ನೋಡಿ, ಮನಸ್ಸಿನಲ್ಲೇ ಕಳೆದು, ಆ ವ್ಯತ್ಯಾಸವನ್ನು ನೆನಪಿಟ್ಟುಕೊಂಡು ಮುಂದಿನ ಜೋಡಿಗೆ ಹೋಗಬೇಕು. ಇಪ್ಪತ್ತನಾಲ್ಕು ಸಲ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಸ್ಲೋಪ್ ಚಾರ್ಟಿನಲ್ಲಿ ಆ ಕಳೆಯುವ ಲೆಕ್ಕ ಗೆರೆಯ ಓರೆಯಲ್ಲೇ ಆಗಿಹೋಗಿರುತ್ತದೆ. ಎಲ್ಲರೂ ಇಳಿಯುವಾಗ ಒಂದು ಗೆರೆ ಏರಿದರೆ ಹುಡುಕುವ ಕೆಲಸವೇ ಇಲ್ಲ, ಕಣ್ಣು ತಾನೇ ಅಲ್ಲಿಗೆ ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ. ಬಾರ್ ಯಾವಾಗಲೂ ಸೊನ್ನೆಯಿಂದಲೇ ಶುರುವಾಗಬೇಕು, ಯಾಕೆಂದರೆ ಅದರ ಉದ್ದವೇ ಅದರ ಬೆಲೆ. ಫಲಿತಾಂಶಗಳೆಲ್ಲ 60ರಿಂದ 100ರ ನಡುವೆ ಇದ್ದರೆ ಎಲ್ಲ ಬಾರ್‌ಗಳ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ತರ ಇರುತ್ತದೆ. ನೋಡಬೇಕಾದ ವ್ಯತ್ಯಾಸ ಮೇಲಿನ ತುದಿಯಲ್ಲಿ ಇಷ್ಟೇ ಇಷ್ಟು. ಗೆರೆಗೆ ಈ ಕಟ್ಟು ಇಲ್ಲ. ಅಲ್ಲಿ ಚುಕ್ಕೆ ಎಲ್ಲಿದೆ ಎಂಬುದು ಮುಖ್ಯ. ಹಾಗಾಗಿ 60ರಿಂದ ಶುರು ಮಾಡಿದರೂ ತಪ್ಪಿಲ್ಲ.

ಆದರೆ ಕೆಲವು ಕಡೆ ಬಾರೇ ಒಳ್ಳೆಯದು. ನಾಲ್ಕೈದು ಶಾಲೆ ಮಾತ್ರ ಇದ್ದರೆ ಜೋಡಿ ಬಾರ್ ಸಾಕು. ಎಷ್ಟು ಮಕ್ಕಳು ಪಾಸಾದರು ಎಂಬ ಎಣಿಕೆ ತೋರಿಸಬೇಕಾದರೂ ಬಾರ್ ಹಾಕಿ. ಮೂರು ನಾಲ್ಕು ವರ್ಷದ ಅಂಕಿ ಇದ್ದರೆ ಮಾಮೂಲಿ ಲೈನ್ ಚಾರ್ಟ್ ಮಾಡಿ. ನಡುವಿನ ವರ್ಷ ಬಿಟ್ಟು ಮೊದಲನೆಯದು ಮತ್ತು ಕೊನೆಯದು ಮಾತ್ರ ಜೋಡಿಸಿದರೆ ನಡುವೆ ಆದ ಏರಿಳಿತ ಮುಚ್ಚಿಹೋಗುತ್ತದೆ. ಸುಮಾರು 40ಕ್ಕಿಂತ ಜಾಸ್ತಿ ಶಾಲೆ ಇದ್ದರೆ ಒಂದೇ ಚಿತ್ರದಲ್ಲಿ ತುರುಕಬೇಡಿ. ಕ್ಲಸ್ಟರ್‌ಗೆ ಒಂದರಂತೆ ಸಣ್ಣ ಚಿತ್ರ ಮಾಡಿ, ಎಲ್ಲದಕ್ಕೂ ಒಂದೇ ಅಳತೆ ಇಡಿ.

## ಹಂತ 2: ಎರಡು ವರ್ಷದ ಪಟ್ಟಿ ಕೂಡಿಸುವುದು

ಚಾರ್ಟ್ ಕೆಡುವುದು ಹೆಚ್ಚಾಗಿ ಇಲ್ಲಿ. ಚಿತ್ರದಲ್ಲಿ ತಪ್ಪು ಕಂಡಾಗ ನಾವು ಚಿತ್ರವನ್ನೇ ತಿದ್ದುತ್ತಾ ಕೂರುತ್ತೇವೆ, ಆದರೆ ತಪ್ಪು ಪಟ್ಟಿಯಲ್ಲಿ ಇರುತ್ತದೆ.

ಎರಡು ವರ್ಷದ ಪಟ್ಟಿಯನ್ನು ಶಾಲೆಯ ಹೆಸರಿನ ಮೇಲೆ ಕೂಡಿಸಬೇಡಿ. ಒಂದು ವರ್ಷ "ಸ. ಪ್ರೌಢಶಾಲೆ" ಎಂದಿರುತ್ತದೆ, ಮರುವರ್ಷ "ಸರಕಾರಿ ಪ್ರೌಢ ಶಾಲೆ" ಎಂದಿರುತ್ತದೆ. ನಮಗೆ ಎರಡೂ ಒಂದೇ, ಎಕ್ಸೆಲ್‌ಗೆ ಬೇರೆ ಬೇರೆ. ಯು-ಡೈಸ್ ಕೋಡ್ ಮೇಲೆ ಕೂಡಿಸಿ. ಪ್ರತಿ ವರ್ಷಕ್ಕೆ ಒಂದು ಶೀಟ್ ಮಾಡಿ, `A`ಯಲ್ಲಿ ಕೋಡ್, `B`ಯಲ್ಲಿ ಹೆಸರು, `C`ಯಲ್ಲಿ ಹಾಜರಾದವರು, `D`ಯಲ್ಲಿ ಪಾಸಾದವರು ಇರಲಿ. `E` ಕಾಲಮಿನಲ್ಲಿ ಶೇಕಡಾವಾರು ಹಾಕಿ.

```
=ROUND(D2/C2*100,1)
```

ಈಗ 2023ರ ಶೀಟಿನಲ್ಲಿ `F` ಕಾಲಮಿಗೆ 2024ರ ಶೇಕಡಾವಾರು ತನ್ನಿ.

```
=VLOOKUP(A2,'2024'!A:E,5,FALSE)
```

ಕೊನೆಯ `FALSE` ಬಿಡಬೇಡಿ. ಬಿಟ್ಟರೆ ಸರಿಯಾದ ಕೋಡ್ ಸಿಗದಾಗ ಹತ್ತಿರದ ಇನ್ಯಾವುದೋ ಶಾಲೆಯ ಅಂಕಿ ಬಂದು ಕೂರಬಹುದು. ಅದು ತಪ್ಪು ಎಂದು ನೋಡಿದರೆ ಗೊತ್ತಾಗುವುದೇ ಇಲ್ಲ.

ಎಲ್ಲ ಸಾಲಿಗೂ `#N/A` ಬಂದರೆ ಗಾಬರಿ ಬೇಡ. ಒಂದು ಶೀಟಿನಲ್ಲಿ ಕೋಡ್ ಅಂಕಿಯಾಗಿದೆ, ಇನ್ನೊಂದರಲ್ಲಿ ಅಕ್ಷರವಾಗಿ ಕೂತಿದೆ ಎಂದು ಅರ್ಥ. ಸೆಲ್‌ನಲ್ಲಿ ಕೋಡ್ ಎಡಕ್ಕೆ ಅಂಟಿದ್ದರೆ ಸಾಮಾನ್ಯವಾಗಿ ಅದು ಅಕ್ಷರ, ಬಲಕ್ಕೆ ಅಂಟಿದ್ದರೆ ಅಂಕಿ. ಎರಡನ್ನೂ ಒಂದೇ ತರ ಮಾಡಿ. ಒಂದೆರಡು ಸಾಲಿಗೆ ಮಾತ್ರ `#N/A` ಬಂದರೆ ಆ ಶಾಲೆ 2024ರ ಪಟ್ಟಿಯಲ್ಲಿ ಇಲ್ಲ. ಮುಚ್ಚಿದ್ದಿರಬಹುದು. ಅಲ್ಲಿ ಸೊನ್ನೆ ತುಂಬಬೇಡಿ. ಸೊನ್ನೆ ಹಾಕಿದರೆ ಗೆರೆ ನೇರ ಬಾವಿಗೆ ಬಿದ್ದ ಹಾಗೆ ಕೆಳಗೆ ಹೋಗುತ್ತದೆ. ಅಂಥ ಶಾಲೆಯನ್ನು ಚಿತ್ರದಿಂದ ತೆಗೆದು ಅಡಿಯಲ್ಲಿ ಒಂದು ಸಾಲಿನಲ್ಲಿ ಹೆಸರು ಬರೆಯಿರಿ.

ಇನ್ನು ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ ಎಂಬುದು. 2024ರಲ್ಲಿ ಪರೀಕ್ಷೆ 1, 2, 3 ಎಂದು ಮೂರು ಪರೀಕ್ಷೆಗಳು ನಡೆದವು. 2023ರಲ್ಲಿ ವಾರ್ಷಿಕ ಪರೀಕ್ಷೆ, ಆಮೇಲೆ ಪೂರಕ ಪರೀಕ್ಷೆ ಇತ್ತು. ಹಾಗಾಗಿ 2023ರ ವಾರ್ಷಿಕ ಫಲಿತಾಂಶದ ಪಕ್ಕ 2024ರ ಪರೀಕ್ಷೆ 1ನ್ನೇ ಇಡಬೇಕು. ಮೂರೂ ಪರೀಕ್ಷೆ ಮುಗಿದ ಮೇಲಿನ ಒಟ್ಟು ಇಟ್ಟರೆ ಎಲ್ಲ ಶಾಲೆಯೂ ಸುಮ್ನೆ ಮೇಲೆದ್ದಂತೆ ಕಾಣುತ್ತದೆ. ಹಾಗೆಯೇ ಮರುಪರೀಕ್ಷೆ ಬರೆದವರನ್ನು ಒಂದು ವರ್ಷ ಸೇರಿಸಿ ಇನ್ನೊಂದು ವರ್ಷ ಬಿಡಬೇಡಿ.

## ಹಂತ 3: ಚಾರ್ಟಿಗೆ ಬೇರೆ ಪುಟ್ಟ ಪಟ್ಟಿ

ಅದೇ ದೊಡ್ಡ ಶೀಟಿನಿಂದ ಚಾರ್ಟ್ ಮಾಡಬೇಡಿ. ಮೂರೇ ಕಾಲಮಿನ ಹೊಸ ಪಟ್ಟಿ ಮಾಡಿ. ಮೊದಲನೆಯದು ಶಾಲೆ, ಆಮೇಲೆ ಎರಡು ವರ್ಷ. ಅಭ್ಯಾಸಕ್ಕೆಂದು ನಾನೇ ಮಾಡಿದ ಆರು ಶಾಲೆಗಳ ಅಂಕಿ ಇಲ್ಲಿದೆ. ಯಾವ ನಿಜವಾದ ಶಾಲೆಯದೂ ಅಲ್ಲ. ಕೊನೆಯ ಸಾಲು ಮಾತ್ರ ನಿಜ. ಅದು ಆ ಎರಡು ವರ್ಷದ ಇಡೀ ರಾಜ್ಯದ ಫಲಿತಾಂಶ, 83.89 ಮತ್ತು 73.40. ಇಲ್ಲಿ ಒಂದು ದಶಮಾಂಶಕ್ಕೆ ಇಳಿಸಿದ್ದೇನೆ.

```
        '2023   '2024
ಶಾ1     85.0    77.5
ಶಾ2     91.7    75.0
ಶಾ3     70.0    81.3
ಶಾ4     100.0   100.0
ಶಾ5     97.9    66.0
ಶಾ6     70.0    63.3
ರಾಜ್ಯ    83.9    73.4
```

ಮೇಲಿನ ಎಡಮೂಲೆಯ ಸೆಲ್ ಖಾಲಿ ಇರಲಿ. ವರ್ಷದ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ, ಅಂದರೆ `'2023` ಎಂದು ಟೈಪ್ ಮಾಡಿ. ಆಗ ಎಕ್ಸೆಲ್ ಅದನ್ನು ಅಕ್ಷರ ಎಂದು ತಿಳಿಯುತ್ತದೆ. ಹಾಕದಿದ್ದರೆ 2023 ಎಂಬುದೂ ಒಂದು ಫಲಿತಾಂಶವೇ ಎಂದುಕೊಂಡು ಅದಕ್ಕೂ ಚುಕ್ಕೆ ಹಾಕಬಹುದು. ಗುರುತು ಇದು: ಅಕ್ಷ 2500ರವರೆಗೆ ಹೋಗಿ, ನಿಮ್ಮ ಶಾಲೆಗಳೆಲ್ಲ ನೆಲಕ್ಕೆ ಅಂಟಿದ ಒಂದೇ ಗೆರೆಯಾಗಿ ಕಾಣುತ್ತವೆ.

## ಹಂತ 4: ಚಾರ್ಟ್ ಹಾಕುವುದು, ಆ ಒಂದು ಬಟನ್ ಒತ್ತುವುದು

ಇಡೀ ಪಟ್ಟಿ ಆರಿಸಿ. `Insert` ಮೆನುವಿನಲ್ಲಿ ಲೈನ್ ಚಾರ್ಟ್‌ಗಳ ಪೈಕಿ `Line with Markers` ಒತ್ತಿ. `Stacked` ಎಂದಿರುವುದನ್ನು ಮುಟ್ಟಬೇಡಿ. ಅದು ಶಾಲೆಗಳ ಶೇಕಡಾವಾರನ್ನು ಒಂದರ ಮೇಲೊಂದು ಕೂಡಿಸುತ್ತದೆ.

ಈಗ ಬರುವ ಚಿತ್ರವೇ ಫೋನಿನಲ್ಲಿ ಕೇಳಿದ ಆ ಎರಡು ಗೆರೆ. ಪಟ್ಟಿಯಲ್ಲಿ ಸಾಲು ಹೆಚ್ಚು, ಕಾಲಮ್ ಕಡಿಮೆ ಇದ್ದಾಗ ಎಕ್ಸೆಲ್ ಸಾಲುಗಳನ್ನು ಕೆಳಗಿನ ಅಕ್ಷದ ಮೇಲೆ ಇಡುತ್ತದೆ. ಹಾಗಾಗಿ ಶಾಲೆಗಳು ಕೆಳಗೆ ಹೋಗಿ ಕೂರುತ್ತವೆ, ವರ್ಷಗಳು ಎರಡು ಗೆರೆಯಾಗುತ್ತವೆ. ನಮಗೆ ಬೇಕಾದದ್ದು ತಿರುಗಾಮುರುಗಾ. ಚಾರ್ಟಿನ ಮೇಲೆ ಒತ್ತಿ, `Chart Design` ಟ್ಯಾಬಿನಲ್ಲಿ `Switch Row/Column` ಒತ್ತಿ. ತಕ್ಷಣ ವರ್ಷಗಳು ಕೆಳಗೆ ಬಂದು, ಒಂದೊಂದು ಶಾಲೆಯೂ ಒಂದೊಂದು ಗೆರೆಯಾಗುತ್ತದೆ. ಕ್ಯಾಲ್ಕ್ ಬಳಸುವವರು ಚಾರ್ಟ್ ಮಾಡುವಾಗಲೇ `Data series in rows` ಆರಿಸಬೇಕು.

ಈ ಒಂದು ಬಟನ್ ಗೊತ್ತಿಲ್ಲದೆ ಎಷ್ಟೋ ಜನ ಇಲ್ಲಿಗೇ ಬಿಟ್ಟು ಮತ್ತೆ ಬಾರ್ ಚಾರ್ಟಿಗೆ ಹೋಗುತ್ತಾರೆ.

## ಹಂತ 5: ಅಕ್ಷ ಮತ್ತು ಆಕಾರ

ವೈ ಅಕ್ಷದ ಮೇಲೆ ಎರಡು ಸಲ ಒತ್ತಿ `Format Axis` ತೆರೆಯಿರಿ. `Bounds` ಅಡಿಯಲ್ಲಿ `Minimum` 60, `Maximum` 100 ಹಾಕಿ. ನಿಮ್ಮ ತಾಲೂಕಿನ ಅತಿ ಕಡಿಮೆ ಫಲಿತಾಂಶ 48 ಇದ್ದರೆ 45 ಹಾಕಿ. ಕೈಯಾರೆ ಹಾಕುವುದು ಮುಖ್ಯ. ಎಕ್ಸೆಲ್‌ಗೆ ಬಿಟ್ಟರೆ ಒಂದು ಕ್ಲಸ್ಟರ್‌ಗೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು ಅಳತೆ ಇಡುತ್ತದೆ. ಆಗ ಎರಡು ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ತಪ್ಪು ತಿಳಿವಳಿಕೆ ಆಗುತ್ತದೆ.

ಅಕ್ಷದ ಅಂಕಿಗಳು ಚಿತ್ರದಲ್ಲಿ ಬೇಕಿಲ್ಲ, ಚುಕ್ಕೆಯ ಪಕ್ಕದಲ್ಲೇ ಅಂಕಿ ಬರೆಯುತ್ತೇವೆ. ಆದರೆ ಅಕ್ಷವನ್ನು `Delete` ಒತ್ತಿ ತೆಗೆಯಬೇಡಿ. `Labels` ಅಡಿಯಲ್ಲಿ `Label Position` ಅನ್ನು `None` ಮಾಡಿ. ಅಕ್ಷ ಕಾಣುವುದಿಲ್ಲ, ನೀವು ಇಟ್ಟ 60 ಮತ್ತು 100 ನಿಮ್ಮ ಕೈಯಲ್ಲೇ ಇರುತ್ತವೆ. ಅಡ್ಡ ಗೆರೆಗಳನ್ನೂ, `Legend` ಅನ್ನೂ ತೆಗೆದುಹಾಕಿ. 24 ಬಣ್ಣದ ಪಟ್ಟಿ ನೋಡಿ ಯಾವುದು ಯಾವ ಶಾಲೆ ಎಂದು ಹುಡುಕುವುದು ಯಾರಿಂದಲೂ ಆಗದು.

ಕೆಳಗಿನ ಅಕ್ಷದಲ್ಲಿ `Axis position` ಎಂಬುದು `Between tick marks` ಎಂದೇ ಇರಲಿ. ಆಗ ಎರಡು ವರ್ಷದ ಚುಕ್ಕೆಗಳು ಅಗಲದ ಕಾಲು ಭಾಗ ಮತ್ತು ಮುಕ್ಕಾಲು ಭಾಗದಲ್ಲಿ ನಿಲ್ಲುತ್ತವೆ. ಎರಡೂ ಬದಿಗೆ ಕಾಲು ಕಾಲು ಭಾಗ ಖಾಲಿ ಸಿಗುತ್ತದೆ. ಶಾಲೆಯ ಹೆಸರು ಬರೆಯಲು ಅದೇ ಜಾಗ.

ಆಕಾರ ಅಗಲಕ್ಕಿಂತ ಎತ್ತರ ಜಾಸ್ತಿ ಇರಲಿ. ಎ4 ಹಾಳೆಯನ್ನು ಉದ್ದಕ್ಕೆ ಹಿಡಿದರೆ ಚಿತ್ರಕ್ಕೆ ಸುಮಾರು 22 ಸೆಂ.ಮೀ ಎತ್ತರ ಸಿಗುತ್ತದೆ. 60ರಿಂದ 100 ಅಂದರೆ 40 ಪಾಯಿಂಟ್. ಹಾಗಾದರೆ ಒಂದು ಪಾಯಿಂಟಿಗೆ ಅರ್ಧ ಸೆಂ.ಮೀಗಿಂತ ಸ್ವಲ್ಪ ಹೆಚ್ಚು. 9ರ ಅಳತೆಯ ಅಕ್ಷರಕ್ಕೆ ಸಾಲಿಗೆ ಸುಮಾರು 0.4 ಸೆಂ.ಮೀ ಬೇಕು. ಅಂದರೆ ಎರಡು ಶಾಲೆಗಳ ನಡುವೆ ಸುಮಾರು 0.7 ಪಾಯಿಂಟಿಗಿಂತ ಕಡಿಮೆ ಅಂತರ ಇದ್ದರೆ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ಹಾಳೆಯನ್ನು ಅಡ್ಡಕ್ಕೆ ಹಿಡಿದರೆ ಎತ್ತರ ಇನ್ನೂ ಕಡಿಮೆಯಾಗಿ ಹೆಸರುಗಳೆಲ್ಲ ಕಲೆಸಿಹೋಗುತ್ತವೆ.

ಒಂದು ಎಚ್ಚರಿಕೆ. ಚಿತ್ರವನ್ನು ಅಗಲಕ್ಕೆ ಎಳೆದರೆ ಗೆರೆಗಳ ಓರೆ ಕಡಿಮೆಯಾಗುತ್ತದೆ, ಎತ್ತರಕ್ಕೆ ಎಳೆದರೆ ಹೆಚ್ಚಾಗುತ್ತದೆ. ಅಂಕಿ ಒಂದೂ ಬದಲಾಗದೆ ಸಣ್ಣ ಇಳಿತವನ್ನು ದೊಡ್ಡ ಕುಸಿತದಂತೆ ತೋರಿಸಬಹುದು. ಅದಕ್ಕೇ ಎಲ್ಲ ಕ್ಲಸ್ಟರ್‌ನ ಚಿತ್ರಕ್ಕೂ ಒಂದೇ ಎತ್ತರ, ಒಂದೇ ಅಗಲ ಇಡಿ.

## ಹಂತ 6: ಹೆಸರು ಬರೆಯುವುದು

24 ಶಾಲೆಗೆ ಎರಡು ಬದಿ ಅಂದರೆ 48 ಲೇಬಲ್. ಕೈಯಿಂದ ಒಂದೊಂದೇ ಹಾಕುತ್ತಾ ಹೋದರೆ ನಡುವೆ ಎಲ್ಲೋ ತಪ್ಪುತ್ತದೆ. ಈ ಪುಟ್ಟ ಮ್ಯಾಕ್ರೋ ಎಲ್ಲವನ್ನೂ ಒಮ್ಮೆಗೇ ಹಾಕಿ, ಎಲ್ಲ ಗೆರೆಯನ್ನೂ ಬೂದು ಬಣ್ಣ ಮಾಡುತ್ತದೆ. `Alt+F11` ಒತ್ತಿ, `Insert` ಮೆನುವಿನಲ್ಲಿ `Module` ಆರಿಸಿ, ಅಲ್ಲಿ ಅಂಟಿಸಿ.

```
Sub SlopeLabels()
  Dim s As Series, i As Long
  For Each s In ActiveChart.SeriesCollection
    s.Format.Line.ForeColor.RGB = RGB(170, 170, 170)
    s.Format.Line.Weight = 1.5
    For i = 1 To 2
      s.Points(i).HasDataLabel = True
      With s.Points(i).DataLabel
        .ShowSeriesName = True
        .ShowValue = True
        .Position = IIf(i = 1, xlLabelPositionLeft, xlLabelPositionRight)
      End With
    Next i
  Next s
End Sub
```

ಓಡಿಸುವ ಮೊದಲು ಚಾರ್ಟಿನ ಮೇಲೆ ಒಮ್ಮೆ ಒತ್ತಿರಬೇಕು. ಮರೆತರೆ 91ನೇ ನಂಬರಿನ ತಪ್ಪು ತೋರಿಸಿ ನಿಲ್ಲುತ್ತದೆ. ಮ್ಯಾಕ್ರೋ ಉಳಿಯಬೇಕಾದರೆ ಫೈಲನ್ನು `.xlsm` ಆಗಿ ಸೇವ್ ಮಾಡಿ.

ಈಗ ನಮ್ಮ ಆರು ಶಾಲೆಯಲ್ಲೇ ಒಂದು ತೊಂದರೆ ಕಾಣುತ್ತದೆ. ಶಾ3 ಮತ್ತು ಶಾ6 ಎರಡೂ 2023ರಲ್ಲಿ 70.0. ಎಡಗಡೆ ಎರಡು ಹೆಸರು ಒಂದರ ಮೇಲೊಂದು ಕೂತು ಓದಲು ಬರುವುದಿಲ್ಲ. ಒಂದನ್ನು ಕೆಳಕ್ಕೆ ಎಳೆದು ಇಡೋಣ ಅನಿಸುತ್ತದೆ, ಅಲ್ವಾ? ಜಾಸ್ತಿ ಎಳೆದರೆ ಅದು 68ರ ಹತ್ತಿರ ಕೂತು, ನೋಡುವವರು ಅದರ ಫಲಿತಾಂಶ 68 ಎಂದುಕೊಳ್ಳುತ್ತಾರೆ. ಒಂದು ಲೇಬಲ್ ಅಳಿಸಿ, ಉಳಿದದ್ದನ್ನು "ಶಾ3, ಶಾ6 70.0" ಎಂದು ತಿದ್ದಿ. ಬಲಗಡೆ ಇಬ್ಬರೂ ಬೇರೆಯಾಗುತ್ತಾರೆ, ಗೆರೆ ಹಿಡಿದು ಹೋದರೆ ಯಾರು ಎಲ್ಲಿಗೆ ಹೋದರು ಎಂದು ತಿಳಿಯುತ್ತದೆ. ಒಂದು ಮಾತು ನೆನಪಿರಲಿ. ಹೀಗೆ ಕೈಯಿಂದ ತಿದ್ದಿದ ಲೇಬಲ್ ಆಮೇಲೆ ಅಂಕಿ ಬದಲಿಸಿದರೂ ಹಾಗೇ ಉಳಿಯುತ್ತದೆ. ಆದ್ದರಿಂದ ಅಂಕಿಗಳೆಲ್ಲ ಪಕ್ಕಾ ಆದ ಮೇಲೆ ಕೊನೆಗೆ ಇದನ್ನು ಮಾಡಿ.

ನೂರಕ್ಕೆ ನೂರು ಬಂದ ಶಾಲೆಗಳದ್ದೂ ಇದೇ ಕಥೆ. ಎರಡೂ ವರ್ಷ 100 ಇರುವ ಐದಾರು ಶಾಲೆ ಇದ್ದರೆ ಎಲ್ಲ ಗೆರೆಗಳೂ ಒಂದರ ಮೇಲೊಂದು ಬಿದ್ದು ಒಂದೇ ಶಾಲೆಯಂತೆ ಕಾಣುತ್ತವೆ. ಅಲ್ಲಿ "6 ಶಾಲೆಗಳು 100" ಎಂದು ಬರೆದು ಅವುಗಳ ಹೆಸರನ್ನು ಅಡಿಯಲ್ಲಿ ಕೊಡಿ.

ಪೈಥಾನ್ ಬರುವವರು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾಡಬಹುದು. ಆದರೆ ಕನ್ನಡ ಹೆಸರು ಹಾಕುವ ಮೊದಲು ಒಂದು ಪದ ಬರೆಸಿ ನೋಡಿ. ಫಾಂಟ್ ಸರಿಯಾಗಿ ಇದ್ದರೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಬರುವುದುಂಟು. ಹಾಗಾದರೆ ಶಾಲೆಯ ನಂಬರ್ ಮಾತ್ರ ಹಾಕಿ, ಅಥವಾ ಎಕ್ಸೆಲ್‌ನಲ್ಲೇ ಮುಗಿಸಿ.

## ಹಂತ 7: ರಾಜ್ಯದ ಗೆರೆ ಮತ್ತು ಎದ್ದು ಕಾಣಬೇಕಾದ ಗೆರೆ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹಂತ. ಹೋಲಿಕೆಯ ಗೆರೆ ಇಲ್ಲದ ಚಿತ್ರದಿಂದ ಒಳ್ಳೆಯ ಕೆಲಸ ಮಾಡಿದ ಶಾಲೆಗೂ ಬೈಗುಳ ಬೀಳುತ್ತದೆ.

2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಇಡೀ ರಾಜ್ಯದ ಫಲಿತಾಂಶ ಸುಮಾರು 10.5 ಪಾಯಿಂಟ್ ಇಳಿಯಿತು. ಅಂಥ ವರ್ಷ ಚಿತ್ರದಲ್ಲಿ ಹೆಚ್ಚಿನ ಗೆರೆಗಳು ಕೆಳಗೇ ಹೋಗುತ್ತವೆ. ನಮ್ಮ ಪಟ್ಟಿಯ ಶಾ1 ನೋಡಿ. 85.0ರಿಂದ 77.5ಕ್ಕೆ ಬಂದಿದೆ, 7.5 ಪಾಯಿಂಟ್ ಇಳಿತ. ಒಂಟಿಯಾಗಿ ನೋಡಿದರೆ ಕೆಟ್ಟ ಫಲಿತಾಂಶ. ಪಕ್ಕದಲ್ಲಿ ರಾಜ್ಯದ ಗೆರೆ ಇಟ್ಟರೆ ಅದು ಇನ್ನೂ ಕಡಿದಾಗಿ ಇಳಿದಿದೆ. ಎಲ್ಲರೂ ಜಾರಿದ ವರ್ಷ ಈ ಶಾಲೆ ಸ್ವಲ್ಪ ಗಟ್ಟಿಯಾಗಿ ನಿಂತಿದೆ ಎಂದಾಯಿತು. ಆ ಶಾಲೆಯ ಹೆಡ್‌ಮಾಸ್ತರರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ಕೇಳುವ ಮೊದಲು ಇದು ಗೊತ್ತಿರಬೇಕು.

ಆದ್ದರಿಂದ ರಾಜ್ಯದ ಗೆರೆಯನ್ನು ಕಪ್ಪು, ದಪ್ಪ, ಬಿಟ್ಟು ಬಿಟ್ಟು ಬರುವ ಗೆರೆ ಮಾಡಿ. ಆ ಗೆರೆಯ ಮೇಲೆ ಒತ್ತಿ, `Format Data Series`ನಲ್ಲಿ `Width` 3 ಇಟ್ಟು `Dash type` ಆರಿಸಿ. ತಾಲೂಕಿನ ಗೆರೆಯೂ ಬೇಕಿದ್ದರೆ ಹಾಕಿ. ಆದರೆ ಶಾಲೆಗಳ ಶೇಕಡಾವಾರನ್ನು ಕೂಡಿಸಿ 24ರಿಂದ ಭಾಗಿಸಬೇಡಿ. 12 ಮಕ್ಕಳ ಶಾಲೆಗೂ 160 ಮಕ್ಕಳ ಶಾಲೆಗೂ ಒಂದೇ ತೂಕ ಕೊಟ್ಟ ಹಾಗಾಗುತ್ತದೆ. ಒಟ್ಟು ಪಾಸಾದವರನ್ನು ಒಟ್ಟು ಹಾಜರಾದವರಿಂದ ಭಾಗಿಸಿ.

```
=ROUND(SUM(D2:D25)/SUM(C2:C25)*100,1)
```

ಆಮೇಲೆ ನೀವು ಮಾತಾಡಬೇಕೆಂದಿರುವ ಎರಡು ಮೂರು ಶಾಲೆಗೆ ಮಾತ್ರ ಬಣ್ಣ ಕೊಡಿ. ಉಳಿದವು ಬೂದು ಇರಲಿ. ನಮ್ಮ ಪಟ್ಟಿಯಲ್ಲಿ ಎದ್ದು ಕಾಣಬೇಕಾದದ್ದು ಎರಡು. 70.0ರಿಂದ 81.3ಕ್ಕೆ ಏರಿದ ಶಾ3, ಮತ್ತು 97.9ರಿಂದ 66.0ಕ್ಕೆ ಬಿದ್ದ ಶಾ5. ಈ ಎರಡೂ ಗೆರೆ ಒಂದನ್ನೊಂದು ದಾಟುವ ಜಾಗ ಚಿತ್ರದ ನಡುವೆಯೇ ಬರುತ್ತದೆ. ಜೋಡಿ ಬಾರ್‌ನಲ್ಲಿ ಈ ದಾಟು ಕಾಣುವುದೇ ಇಲ್ಲ.

ಕೆಂಪು ಹಸಿರು ಬೇಡ. ಕೆಲವರಿಗೆ ಆ ಎರಡು ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಅಲ್ಲದೆ ಸಭೆಗೆ ಹೋಗುವುದು ಜೆರಾಕ್ಸ್ ಪ್ರತಿ. ಅದರಲ್ಲಿ ಎರಡೂ ಬೂದು. ಏರಿದ್ದಕ್ಕೆ ನೀಲಿ, ಇಳಿದದ್ದಕ್ಕೆ ಕಿತ್ತಳೆ ಹಾಕಿ, ಎರಡನ್ನೂ 3ರ ದಪ್ಪಕ್ಕೆ ತನ್ನಿ. ಬಣ್ಣ ಹೋದರೂ ದಪ್ಪ ಉಳಿಯುತ್ತದೆ.

## ಹಂತ 8: ಸಣ್ಣ ಶಾಲೆಯ ಕಡಿದಾದ ಗೆರೆ

ಶಾ2 ನೋಡಿ. 91.7ರಿಂದ 75.0ಕ್ಕೆ ಇಳಿದಿದೆ. ಸುಮಾರು 16.7 ಪಾಯಿಂಟ್, ಅಂದರೆ ರಾಜ್ಯಕ್ಕಿಂತ ಕಡಿದಾದ ಇಳಿತ. ಚಿತ್ರ ನೋಡಿದವರು ಶಾ5ರ ಜೊತೆ ಇದನ್ನೂ ಬೆರಳಿಟ್ಟು ತೋರಿಸುತ್ತಾರೆ.

ಈಗ ಹಿಂದಿನ ಎಣಿಕೆ ತೆಗೆಯಿರಿ. ಈ ಶಾಲೆಯಲ್ಲಿ ಎರಡೂ ವರ್ಷ 12 ಮಕ್ಕಳು ಪರೀಕ್ಷೆ ಬರೆದಿದ್ದರು ಎಂದಿಟ್ಟುಕೊಳ್ಳಿ. ಮೊದಲ ವರ್ಷ 11 ಪಾಸು, ಮರುವರ್ಷ 9. ಇಬ್ಬರು ಮಕ್ಕಳ ವ್ಯತ್ಯಾಸ. 12 ಮಕ್ಕಳಿರುವ ಕಡೆ ಒಂದು ಮಗು ಅಂದರೆ 8.3 ಪಾಯಿಂಟ್. ಕಬ್ಬು ಕಡಿಯುವ ಹಂಗಾಮಿನಲ್ಲಿ ಒಬ್ಬ ಹುಡುಗ ಮನೆಯವರ ಜೊತೆ ಹೋಗಿ ಎರಡು ತಿಂಗಳು ಶಾಲೆ ತಪ್ಪಿಸಿದರೆ ಸಾಕು, ಗೆರೆ ಬೀಳುತ್ತದೆ. ಶಾ1ರಲ್ಲಿ 160 ಮಕ್ಕಳಿದ್ದರು ಎನ್ನೋಣ. ಅಲ್ಲಿ 136 ಪಾಸಾದದ್ದು 124ಕ್ಕೆ ಇಳಿದಿದೆ. ಹನ್ನೆರಡು ಮಕ್ಕಳು. ಆದರೆ ಗೆರೆ ಇಳಿದದ್ದು ಶಾ2ರ ಅರ್ಧಕ್ಕಿಂತ ಕಡಿಮೆ.

ಸ್ಲೋಪ್ ಚಾರ್ಟಿನ ದೊಡ್ಡ ಕುಂದು ಇದೇ. ಅದಕ್ಕೆ ಮಕ್ಕಳ ಸಂಖ್ಯೆ ಗೊತ್ತಿಲ್ಲ. ನಾನು ಮಾಡುವುದು ಹೀಗೆ: ಯಾವುದೇ ವರ್ಷ 20ಕ್ಕಿಂತ ಕಡಿಮೆ ಮಕ್ಕಳು ಬರೆದ ಶಾಲೆಯ ಗೆರೆಯನ್ನು ತೆಳ್ಳಗೆ, ಚುಕ್ಕಿ ಚುಕ್ಕಿಯಾಗಿ ಮಾಡುತ್ತೇನೆ. ಹೆಸರಿನ ಪಕ್ಕ ಮಕ್ಕಳ ಸಂಖ್ಯೆಯನ್ನೂ ಬರೆಯುತ್ತೇನೆ, "ಶಾ2, 12 ಮಕ್ಕಳು" ಎಂದು. 20 ಎಂಬುದು ನನ್ನ ಅಂದಾಜಿನ ಗಡಿ. 20 ಮಕ್ಕಳಲ್ಲಿ ಒಬ್ಬರು ಅಂದರೆ 5 ಪಾಯಿಂಟ್, ಅಷ್ಟರವರೆಗೆ ಸಹಿಸಬಹುದು ಎಂದು ಇಟ್ಟುಕೊಂಡಿದ್ದೇನೆ. ನಿಮ್ಮ ತಾಲೂಕಿನಲ್ಲಿ ಸಣ್ಣ ಶಾಲೆಗಳೇ ಹೆಚ್ಚಿದ್ದರೆ ನೀವೇ ಒಂದು ಗಡಿ ಹಾಕಿ, ಚಿತ್ರದ ಅಡಿಯಲ್ಲಿ ಬರೆಯಿರಿ.

ಇದೇ ಕಾರಣಕ್ಕೆ ಒಂದು ವರ್ಷ ತುಂಬಾ ಮೇಲಿದ್ದ ಸಣ್ಣ ಶಾಲೆ ಮರುವರ್ಷ ಇಳಿಯುವುದು, ತುಂಬಾ ಕೆಳಗಿದ್ದದ್ದು ಏರುವುದು ಸಹಜ. ಚಿತ್ರದಲ್ಲಿ ಮೇಲಿನ ಎಡದಿಂದ ಇಳಿಯುವ ಗೆರೆ, ಕೆಳಗಿನ ಎಡದಿಂದ ಏರುವ ಗೆರೆ ಸೇರಿ ಕತ್ತರಿಯಂತೆ ಕಂಡರೆ, ಮೊದಲು ಆ ಶಾಲೆಗಳ ಮಕ್ಕಳ ಸಂಖ್ಯೆ ನೋಡಿ. ಆಮೇಲೆ ಶಿಕ್ಷಕರ ಬಗ್ಗೆ ಮಾತಾಡಿ.

## ಹಂತ 9: ಕಳಿಸುವ ಮೊದಲು

ಯಾವುದಾದರೂ ಮೂರು ಶಾಲೆ ಆರಿಸಿ, ಚಿತ್ರದಲ್ಲಿರುವ ಅಂಕಿಯನ್ನು ಮೂಲ ಪಟ್ಟಿಯ ಜೊತೆ ಕೈಯಿಂದ ಹೋಲಿಸಿ. ಅದರಲ್ಲಿ ಒಂದು ಅತಿ ಕಡಿದಾದ ಗೆರೆಯ ಶಾಲೆ ಇರಲೇಬೇಕು. ನನಗೆ ಬಂದ ಫೈಲ್‌ಗಳಲ್ಲಿ ಅತಿ ಕಡಿದಾದ ಗೆರೆ ಹೆಚ್ಚಾಗಿ ಟೈಪಿಂಗ್ ತಪ್ಪೇ ಆಗಿತ್ತು. 86 ಇರಬೇಕಾದಲ್ಲಿ 68 ಎಂದು ಬಿದ್ದಿರುತ್ತದೆ.

ಶೀರ್ಷಿಕೆಯಲ್ಲಿ "ಫಲಿತಾಂಶ ಹೋಲಿಕೆ" ಎಂದಷ್ಟೇ ಬರೆಯಬೇಡಿ. ಚಿತ್ರ ಏನು ಹೇಳುತ್ತದೋ ಅದನ್ನೇ ಬರೆಯಿರಿ. ನಮ್ಮ ಆರು ಶಾಲೆಗಾದರೆ "ರಾಜ್ಯ 10.5 ಪಾಯಿಂಟ್ ಇಳಿದ ವರ್ಷ ಏರಿದ್ದು ಶಾ3 ಮಾತ್ರ" ಎಂದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ಪರೀಕ್ಷೆ, ಯಾವ ಮಕ್ಕಳು, ವೈ ಅಕ್ಷ 60ರಿಂದ ಶುರುವಾಗಿದೆ ಎಂಬ ಮೂರು ಮಾತು ಇರಲಿ.

ಫೈಲನ್ನು ಪಿಡಿಎಫ್ ಮಾಡಿ ಕಳಿಸಿ. ಎಕ್ಸೆಲ್ ಹಾಗೇ ಕಳಿಸಿದರೆ ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿ ಲೇಬಲ್‌ಗಳು ಜರುಗಿ ಇನ್ಯಾವುದೋ ಗೆರೆಯ ಪಕ್ಕ ಕೂರಬಹುದು. ಆಮೇಲೆ ಒಂದು ಪ್ರಿಂಟ್ ತೆಗೆದು ಅದನ್ನು ಜೆರಾಕ್ಸ್ ಮಾಡಿಸಿ. ಆ ಕಪ್ಪು ಬಿಳುಪು ಪ್ರತಿಯನ್ನು ಈ ಅಂಕಿ ನೋಡದ ಒಬ್ಬ ಸಹೋದ್ಯೋಗಿಯ ಕೈಗೆ ಕೊಟ್ಟು, "ಮೇಡಂ, ಇದರಾಗ ಮೊದಲ ಏನ್ ಕಾಣಸ್ತದ್ರೀ?" ಎಂದು ಕೇಳಿ. ಅವರು ಶಾ3ರ ಮೇಲೋ ಶಾ5ರ ಮೇಲೋ ಬೆರಳಿಟ್ಟರೆ ಪ್ರತಿಗಳನ್ನು ಮಾಡಿಸಿ. ಶಾ2ರ ಮೇಲೆ ಬೆರಳಿಟ್ಟರೆ ಹಂತ 8ಕ್ಕೆ ವಾಪಸ್ ಹೋಗಿ ಆ ಗೆರೆಯನ್ನು ಇನ್ನಷ್ಟು ತೆಳ್ಳಗೆ ಮಾಡಿ.